ಅರಳು ಮರಳು ಅಂತ ಅಜ್ಜಿಯನ್ನು ಮೂಲೆಗೆ ಕೂರಿಸುವ ಮೊದಲು ಮಾತ್ರೆಯ ಹಾಳೆ ತಿರುಗಿಸಿ ನೋಡಿ

ನಮ್ಮ ಗುಂಪಿನಲ್ಲೊಬ್ಬನ ಅಜ್ಜಿ ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದ್ದು, "ಎತ್ತು ಕಟ್ಟಿದ್ರಾ? ನೀರು ಕುಡಿಸಿದ್ರಾ?" ಅಂತ ಕೇಳಿದರು. ಆ ಮನೆಯಲ್ಲಿ ಎತ್ತು ಮಾರಿ ಇಪ್ಪತ್ತು ವರ್ಷವಾಗಿತ್ತು. ಮೊಮ್ಮಗನನ್ನು ತೀರಿಕೊಂಡ ತಮ್ಮನ ಹೆಸರಿನಿಂದ ಕರೆದರು. ಪಾತ್ರೆ ಇಡದೆ ಗ್ಯಾಸ್ ಹಚ್ಚಿ ಎದುರಿಗೆ ಸುಮ್ಮನೆ ನಿಂತುಬಿಟ್ಟರು. ನೋಡಲು ಬಂದ ನೆಂಟರು, ನೆರೆಯವರು ಎಲ್ಲರೂ ಹೇಳಿದ್ದು ಒಂದೇ ಮಾತು: "ಎಪ್ಪತ್ತನಾಲ್ಕಾಯ್ತಲ್ಲಪ್ಪ, ಅರಳು ಮರಳು ಕಣಪ್ಪ. ಇನ್ನೇನು ಮಾಡಕ್ಕಾಯ್ತದೆ?"

ಹತ್ತು ದಿನದ ಹಿಂದೆ ಇದೇ ಅಜ್ಜಿ ಕಡಲೆಕಾಯಿ ಸುಲಿಯುತ್ತಾ, ಯಾರ ಮನೆಗೆ ಎಷ್ಟು ಸೇರು ಸಾಲ ಕೊಟ್ಟಿದ್ದೀವಿ ಅಂತ ಲೆಕ್ಕ ಒಪ್ಪಿಸಿದ್ದರು. ಅರಳು ಮರಳು ಹತ್ತು ದಿನದಲ್ಲಿ ಬರುವುದಿಲ್ಲ. ಈ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು ಅಂತಲೇ ಈ ಬರಹ. ವಯಸ್ಸಾದವರ ಮರೆವು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ನಾಲ್ಕು ದಿನದಲ್ಲಿ, ವಾರದಲ್ಲಿ ಮನುಷ್ಯ ಬೇರೆಯೇ ಆಗಿಬಿಟ್ಟರೆ ಅದು ವಯಸ್ಸಲ್ಲ, ಕಾಯಿಲೆ. ಆ ಕಾಯಿಲೆಯ ಕಾರಣ ಎಷ್ಟೋ ಸಲ ಮನೆಯ ಗೂಡಿನಲ್ಲೇ, ಮಾತ್ರೆಯ ಡಬ್ಬಿಯಲ್ಲೇ ಇರುತ್ತದೆ.

ಈ ಅಜ್ಜಿಯ ವಿಷಯದಲ್ಲಿ ಆಗಿದ್ದು ಹೀಗೆ. ಬಿಪಿಗೆ ಒಂದೇ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅಮ್ಲೋಡಿಪಿನ್ 5 ಮಿಲಿಗ್ರಾಂ. ತೋರಿಸಲು ಹೋದಾಗ ಮೇಲಿನ ಬಿಪಿ 168 ಬಂತು. ವೈದ್ಯರು ಅದರ ಜೊತೆಗೆ ಇನ್ನೊಂದು ಮಾತ್ರೆ ಬರೆದರು: ಟೆಲ್ಮಿಸಾರ್ಟನ್ 40, ಅದರಲ್ಲೇ ಬೆರೆತ ಹೈಡ್ರೋಕ್ಲೋರೋಥಯಾಜೈಡ್ 12.5. "ಉಪ್ಪು ಕಡಿಮೆ ಮಾಡಿ, ಬಿಸಿಲು ಜಾಸ್ತಿ, ನೀರು ಚೆನ್ನಾಗಿ ಕುಡಿಸಿ" ಅಂದರು. ಎರಡೂ ಒಳ್ಳೆಯ ಮಾತೇ. ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಸಪ್ಪೆ ಸಾರು, ಅರ್ಧ ಮುದ್ದೆ, ಗಂಟೆಗೊಂದು ಚೊಂಬು ನೀರು. ನಲವತ್ತೆರಡು ಕೆಜಿ ತೂಕದ ಜೀವ ಅದು.

ಆರನೇ ದಿನ "ಕಾಲು ಸೋಲ್ತಾವೆ" ಅಂದರು. ಗೋಡೆ ಹಿಡಿದು ನಡೆಯತೊಡಗಿದರು. ಎಂಟನೇ ದಿನ ಊಟ ಬೇಡ, ಹೊಟ್ಟೆ ತೊಳಸುತ್ತದೆ. ಒಂಬತ್ತನೇ ದಿನ ಎತ್ತಿನ ಮಾತು. ಹತ್ತನೇ ದಿನ ಬಚ್ಚಲ ಹತ್ತಿರ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಊರಿನಲ್ಲಿ ಸೂಜಿ ಮಾಡುವವರ ಹತ್ತಿರ ಕರೆದುಕೊಂಡು ಹೋದರು. ಅವರು ಬಿಪಿ ನೋಡಿ "130, ಸೂಪರಾಗಿದೆ, ಸುಸ್ತು ಅಷ್ಟೇ" ಅಂತ ಒಂದು ಗ್ಲೂಕೋಸ್ ಬಾಟ್ಲು ಹಾಕಿ ಕಳಿಸಿದರು. ಆ ರಾತ್ರಿ ಅಜ್ಜಿ ಕರೆದರೆ ಓಗೊಡದಷ್ಟು ಮಂಪರಿಗೆ ಜಾರಿದರು. ಬೆಳಗಾಗುವುದರೊಳಗೆ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ರಕ್ತ ತೆಗೆದರು. ಸೋಡಿಯಂ 116.

ಇರಬೇಕಾದದ್ದು 135ರಿಂದ 145.

ಈಗ ಇದು ಹೇಗಾಗುತ್ತದೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇವೆ. ಇದು ಅರ್ಥವಾದರೆ ಮುಂದಿನದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸೋಡಿಯಂ ಅಂದರೆ ನಾವು ತಿನ್ನುವ ಉಪ್ಪಿನಲ್ಲಿರುವ ಅಂಶ. ರಕ್ತದಲ್ಲಿ ಅದು ಒಂದು ಹದದಲ್ಲಿರಬೇಕು. ಹದ ಕೆಡುವುದು ಎರಡು ರೀತಿಯಲ್ಲಿ. ಸಾರಿಗೆ ಉಪ್ಪು ಕಡಿಮೆ ಹಾಕಿದರೂ ಸಪ್ಪೆ, ಹಾಕಿದ ಉಪ್ಪು ಸರಿಯಿದ್ದು ಮೇಲೆ ಒಂದು ಚೊಂಬು ನೀರು ಬಿದ್ದರೂ ಸಪ್ಪೆ. ನೀರಿನ ಮಾತ್ರೆಯಿಂದ ಆಗುವ ತೊಂದರೆಯಲ್ಲಿ ಎರಡನೆಯದೇ ದೊಡ್ಡದು. ಕೇಳಿದವರು ತಲೆ ಕೆರೆದುಕೊಳ್ಳುತ್ತಾರೆ: ನೀರಿನ ಮಾತ್ರೆ ನೀರನ್ನು ಹೊರಗೆ ಹಾಕುತ್ತದೆ ಅಂತೀರಿ, ಮತ್ತೆ ಒಳಗೆ ನೀರು ಜಾಸ್ತಿ ಆಗುವುದು ಹೇಗೆ?

ಮೂತ್ರಪಿಂಡಕ್ಕೆ ಒಂದು ಜಾಣತನ ಇದೆ. ನಾವು ನೀರು ಹೆಚ್ಚು ಕುಡಿದಾಗ ಅದು ಮೂತ್ರದಿಂದ ಉಪ್ಪನ್ನು ಸೋಸಿ ವಾಪಸ್ ದೇಹಕ್ಕೆ ಎಳೆದುಕೊಂಡು, ಬರೀ ತಿಳಿನೀರನ್ನು ಹೊರಗೆ ಬಿಡುತ್ತದೆ. ನೀರು ಕುಡಿದಾಗ ಮೂತ್ರ ಬೆಳ್ಳಗೆ ಹೋಗುತ್ತದಲ್ಲ, ಅದೇ ಇದು. ಥಯಾಜೈಡ್ ಗುಂಪಿನ ಮಾತ್ರೆಗಳು ಕೈ ಹಾಕುವುದು ಸರಿಯಾಗಿ ಈ ಸೋಸುವ ಜಾಗದಲ್ಲಿ. ಉಪ್ಪು ವಾಪಸ್ ಬರುವ ಬಾಗಿಲನ್ನು ಅವು ಮುಚ್ಚುತ್ತವೆ. ಹಾಗಾಗಿ ಮೂತ್ರದ ಜೊತೆ ಉಪ್ಪು ಹೋಗುತ್ತಲೇ ಇರುತ್ತದೆ, ಆದರೆ ಹೆಚ್ಚಾದ ತಿಳಿನೀರನ್ನು ಮಾತ್ರ ಹೊರಹಾಕಲು ಆಗುವುದಿಲ್ಲ. ವಯಸ್ಸಾದವರ ಮೂತ್ರಪಿಂಡ ಮೊದಲೇ ನಿಧಾನ. ಊಟ ಕಡಿಮೆ. ಮೇಲಿಂದ ಮೇಲೆ ನೀರು. ರಕ್ತ ಸಪ್ಪೆಯಾಗುತ್ತಾ ಹೋಗುತ್ತದೆ.

ರಕ್ತ ಸಪ್ಪೆಯಾದರೆ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಅವು ಊದುತ್ತವೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ಮಿದುಳು ಊದಿದರೆ? ತಲೆಬುರುಡೆ ಹಿಗ್ಗುವುದಿಲ್ಲ. ಅದಕ್ಕೇ ಮೊದಲು ಕಾಣುವುದು ಸುಸ್ತು, ವಾಕರಿಕೆ, ತಲೆನೋವು, ನಡೆಯುವಾಗ ತೂರಾಟ. ಆಮೇಲೆ ದಿನ ವಾರ ಗೊತ್ತಾಗದ ಗೊಂದಲ, ಮಂಪರು. ಇನ್ನೂ ಬಿಟ್ಟರೆ ಫಿಟ್ಸ್, ಪ್ರಜ್ಞೆ ತಪ್ಪುವುದು. ಜೀವವೂ ಹೋಗಬಹುದು.

ಹಾಗಾದರೆ ತಪ್ಪು ಯಾರದ್ದು? ಮಾತ್ರೆಯದ್ದು ಅಂತ ನಾವು ಹೇಳುವುದಿಲ್ಲ. ಈ ಮಾತ್ರೆ ಲಕ್ಷಾಂತರ ಜನರ ಬಿಪಿ ಇಳಿಸಿ ಲಕ್ವ ಹೊಡೆಯುವುದನ್ನು ತಪ್ಪಿಸಿದೆ. ಅಗ್ಗದ್ದು, ಹಳೆಯದು, ಕೆಲಸ ಮಾಡುವಂಥದ್ದು. ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಇದನ್ನು ಓದಿ ನಾಳೆ ಬೆಳಿಗ್ಗೆ ಚೆನ್ನಾಗಿರುವ ತಾತನ ಮಾತ್ರೆಯನ್ನು ಯಾರಾದರೂ ತಿಪ್ಪೆಗೆ ಎಸೆದರೆ ಅದಕ್ಕೆ ನಾವೇ ಹೊಣೆ ಆಗಬೇಕಾಗುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲೂ ಹೃದಯ ಸೋತು ಕಾಲು ಊದಿ, ಏದುಸಿರಿಗಾಗಿ ಫ್ಯೂರೋಸೆಮೈಡ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಅದೂ ನೀರಿನ ಮಾತ್ರೆಯೇ, ಆದರೆ ಕೆಲಸ ಮಾಡುವ ಜಾಗ ಬೇರೆ. ಸೋಡಿಯಂ ಬೀಳಿಸುವುದರಲ್ಲಿ ಥಯಾಜೈಡ್ ಗುಂಪಿನದ್ದೇ ಮೇಲುಗೈ.

ನಮ್ಮ ತಕರಾರು ಬೇರೆ. ಮಾತ್ರೆ ಕೊಟ್ಟವರು ಅದರಲ್ಲಿ ನೀರಿನ ಮಾತ್ರೆ ಇದೆ ಅಂತ ಹೇಳಲೇ ಇಲ್ಲ. ಎರಡು ವಾರ ಬಿಟ್ಟು ರಕ್ತ ನೋಡಿಸಿ ಅನ್ನಲಿಲ್ಲ. "ಒಂದು ತಿಂಗಳು ಬಿಟ್ಟು ಬನ್ನಿ, ಬಿಪಿ ನೋಡೋಣ" ಅಂದರು. ಈ ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಮೊದಲ ಎರಡು ಮೂರು ವಾರಗಳಲ್ಲೇ. ತಿಂಗಳು ಬಿಟ್ಟು ಹೋಗುವಷ್ಟರಲ್ಲಿ ಅಜ್ಜಿ ಬಿದ್ದಾಗಿತ್ತು. ಬಿಪಿ ಮಾತ್ರ ಬಹಳ ಚೆನ್ನಾಗಿತ್ತು! ಬಿಪಿ ಮಿಷನ್ ಸೋಡಿಯಂ ತೋರಿಸುವುದಿಲ್ಲ. ಶುಗರ್ ಮಿಷನ್ನೂ ತೋರಿಸುವುದಿಲ್ಲ. ನಾಲಿಗೆ, ಕಣ್ಣು, ನಾಡಿ ಯಾವುದೂ ಹೇಳುವುದಿಲ್ಲ. ಹೇಳುವುದು ರಕ್ತ ಒಂದೇ.

ಇದನ್ನು ಒಬ್ಬ ವೈದ್ಯರ ಹತ್ತಿರ ಕೇಳಿದೆವು. "ದಿನಕ್ಕೆ ನೂರಿಪ್ಪತ್ತು ಜನ ನೋಡ್ತೀನಿ, ಎಲ್ಲರಿಗೂ ರಕ್ತ ಪರೀಕ್ಷೆ ಬರೆದುಕೊಂಡು ಕೂತ್ಕೊಳ್ಳಕ್ಕಾಗುತ್ತಾ?" ಅಂದರು. ಅವರ ಕಷ್ಟ ನಮಗೆ ಗೊತ್ತು, ಆದರೆ ಎಲ್ಲರಿಗೂ ಬರೆಯಿರಿ ಅಂತ ಯಾರು ಹೇಳಿದರು? ಅರವತ್ತೈದು ದಾಟಿದವರು, ತೆಳ್ಳಗಿರುವವರು, ಅದರಲ್ಲೂ ಹೆಂಗಸರು, ಇವರಲ್ಲೇ ಈ ತೊಂದರೆ ಹೆಚ್ಚು. ಒಮ್ಮೆ ಸೋಡಿಯಂ ಬಿದ್ದ ಇತಿಹಾಸ ಇರುವವರು, ಖಿನ್ನತೆಗೆ ಎಸಿಟಲೋಪ್ರಾಂ ಅಥವಾ ಸರ್ಟ್ರಲೀನ್, ಫಿಟ್ಸಿಗೆ ಕಾರ್ಬಮಜೆಪಿನ್ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು, ಏಕೆಂದರೆ ಆ ಮಾತ್ರೆಗಳೂ ಸೋಡಿಯಂ ಇಳಿಸುತ್ತವೆ. ಮಂಡಿ ನೋವಿಗೆ ಅಂಗಡಿಯಿಂದ ತಂದು ದಿನಾ ನುಂಗುವ ನೋವಿನ ಮಾತ್ರೆಯೂ ಈ ಸಾಲಿಗೆ ಸೇರುತ್ತದೆ. ನೂರಿಪ್ಪತ್ತು ಜನರಲ್ಲಿ ಹೊಸದಾಗಿ ಈ ಮಾತ್ರೆ ಶುರುವಾಗುವ ಇಂಥವರು ಎಷ್ಟು ಮಂದಿ ಇರುತ್ತಾರೆ? ಅವರ ಚೀಟಿಯ ಮೇಲೆ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಈಗ ಗೃಹ ಆರೋಗ್ಯ ಅಂತ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಯೋಜನೆ ಬಂದಿದೆ. ಸಂತೋಷ. ಆದರೆ ಬಿಪಿ ನೋಡಲು ಬಂದವರು, ಹೊಸ ಮಾತ್ರೆ ಶುರುವಾದ ಮುದುಕರ ಮನೆಯಲ್ಲಿ "ಈ ವಾರದಲ್ಲಿ ಬಿದ್ದರಾ? ಮಾತು ಅಡ್ಡಾದಿಡ್ಡಿ ಆಗಿದೆಯಾ?" ಅಂತ ಎರಡು ಪ್ರಶ್ನೆ ಕೇಳಿ ಹೋದರೆ ಏನು ನಷ್ಟ?

ಪರೀಕ್ಷೆ ಏನು ಅಂತ ತಿಳಿದುಕೊಳ್ಳಿ. ಲ್ಯಾಬಿನಲ್ಲಿ "ಸೀರಮ್ ಎಲೆಕ್ಟ್ರೋಲೈಟ್ಸ್" ಅಂತ ಕೇಳಬೇಕು. ತೋಳಿನ ರಕ್ತನಾಳದಿಂದ ಎರಡು ಮೂರು ಮಿಲಿ ರಕ್ತ ತೆಗೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಯಂತ್ರ ಇರುವ ಕಡೆ ಅದೇ ದಿನ ಉತ್ತರ ಸಿಗುತ್ತದೆ. ಜೊತೆಗೆ ಪೊಟ್ಯಾಸಿಯಂ ಸಂಖ್ಯೆಯೂ ಬರುತ್ತದೆ. ಈ ಮಾತ್ರೆ ಅದನ್ನೂ ಇಳಿಸುವುದರಿಂದ ಅದನ್ನೂ ನೋಡಿಸಿದಂತಾಗುತ್ತದೆ. ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಆಗುವುದಿಲ್ಲ, ತಾಲ್ಲೂಕಿಗೇ ಹೋಗಬೇಕು. ಖಾಸಗಿ ಲ್ಯಾಬಿನಲ್ಲಾದರೆ ಕೆಲವು ನೂರು ರೂಪಾಯಿ. ಆಸ್ಪತ್ರೆಯಲ್ಲಿ ಐದು ದಿನ ಮಲಗಿದರೆ ಆಗುವ ಖರ್ಚನ್ನು ನಾವು ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ಒಂದು ಕೈಗೆ ಡ್ರಿಪ್ ಹೋಗುತ್ತಿರುವಾಗ ಅದೇ ಕೈಯಿಂದ ರಕ್ತ ತೆಗೆದರೆ ಡ್ರಿಪ್ಪಿನ ನೀರು ಬೆರೆತು ಸಂಖ್ಯೆ ತಪ್ಪು ಬರುತ್ತದೆ. ಇನ್ನೊಂದು ಕೈಯಿಂದ ತೆಗೆಯಲು ಹೇಳಿ. ಶುಗರ್ ಬಹಳ ಏರಿದ್ದರೂ ಸೋಡಿಯಂ ಕಡಿಮೆ ತೋರಿಸುತ್ತದೆ, ಅದಕ್ಕೇ ಎರಡನ್ನೂ ಒಟ್ಟಿಗೆ ನೋಡುತ್ತಾರೆ.

ವರದಿಯಲ್ಲಿ 130ರಿಂದ 134 ಇದ್ದರೆ ಸ್ವಲ್ಪ ಕಡಿಮೆ. ವೈದ್ಯರಿಗೆ ತೋರಿಸಿ, ಮಾತ್ರೆ ಬದಲಿಸಬೇಕೋ ಬೇಡವೋ ಅವರು ನೋಡುತ್ತಾರೆ. 125ರಿಂದ 129 ಅಂದರೆ ತಡ ಮಾಡದೆ ಅದೇ ದಿನ ತೋರಿಸಬೇಕಾದ ಸಂಖ್ಯೆ. 125ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಯೇ ಸರಿ. ಆದರೆ ಸಂಖ್ಯೆಯೊಂದನ್ನೇ ನೋಡಿ ಕೂರಬೇಡಿ. ನಿಧಾನವಾಗಿ ಇಳಿದವರು 125ರಲ್ಲೂ ಕೂತು ಮಾತಾಡುತ್ತಾರೆ, ಎರಡೇ ದಿನದಲ್ಲಿ ದಡಕ್ಕನೆ ಇಳಿದವರಿಗೆ 128ಕ್ಕೇ ತಲೆ ಕೆಡಬಹುದು. ಗೊಂದಲ, ಮಂಪರು, ವಾಂತಿ, ಫಿಟ್ಸ್ ಇದ್ದರೆ ಸಂಖ್ಯೆ ಬರುವವರೆಗೂ ಕಾಯದೆ ಹೊರಡಿ.

ಇನ್ನು ಗ್ಲೂಕೋಸ್ ಬಾಟ್ಲಿನ ವಿಷಯ. ಇಲ್ಲಿ ನಮಗೆ ನಿಜಕ್ಕೂ ಸಿಟ್ಟಿದೆ. ಹಳ್ಳಿಯಲ್ಲಿ ಸುಸ್ತು ಅಂದರೆ ಬಾಟ್ಲು. ಜ್ವರಕ್ಕೆ ಬಾಟ್ಲು, ಭೇದಿಗೆ ಬಾಟ್ಲು, ಬೇಜಾರಿಗೂ ಬಾಟ್ಲು. ನಾವೂ ಕೇಳಿ ಹಾಕಿಸಿಕೊಳ್ಳುತ್ತೇವೆ, ಹಾಕದಿದ್ದರೆ "ಆ ಡಾಕ್ಟ್ರು ಸರಿ ಇಲ್ಲ" ಅನ್ನುತ್ತೇವೆ. ಐದು ಪರ್ಸೆಂಟ್ ಗ್ಲೂಕೋಸ್ ಬಾಟ್ಲಿನಲ್ಲಿ ಉಪ್ಪು ಇರುವುದಿಲ್ಲ. ಅದರೊಳಗಿನ ಸಕ್ಕರೆಯನ್ನು ದೇಹ ಬೇಗ ಸುಟ್ಟುಬಿಡುತ್ತದೆ. ಉಳಿಯುವುದು ಬರೀ ನೀರು. ಮೊದಲೇ ಸಪ್ಪೆಯಾದ ಸಾರಿಗೆ ಅರ್ಧ ಲೀಟರ್ ನೀರು ಸುರಿದಂತೆ. ನಮ್ಮ ಅಜ್ಜಿ ಆ ರಾತ್ರಿ ಮಂಪರಿಗೆ ಜಾರಿದ್ದು ಆ ಬಾಟ್ಲಾದ ಮೇಲೆಯೇ. ಸೋಡಿಯಂ ನೋಡದೆ, ತಲೆ ಕೆಟ್ಟ ಮುದುಕರಿಗೆ ಗ್ಲೂಕೋಸ್ ಬಾಟ್ಲು ಹಾಕುವವರ ಮುಂದೆ "ಬೇಡ" ಅನ್ನಲು ಕಲಿಯಿರಿ. ಶುಗರ್ ಬಿದ್ದಿದೆಯಾ ಅಂತ ಬೆರಳ ತುದಿಯ ರಕ್ತದಲ್ಲಿ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಬಿದ್ದಿದ್ದರೆ ಗ್ಲೂಕೋಸ್ ಬೇಕೇ ಬೇಕು, ಅದು ಬೇರೆ ಮಾತು. ಅಜ್ಜಿಗೆ ಶುಗರ್ 112 ಇತ್ತು.

ಹಾಗಂತ ಮನೆಯಲ್ಲೇ ಉಪ್ಪುನೀರು ಕುಡಿಸುವ ಜಾಣರೂ ಇದ್ದಾರೆ. ಪಕ್ಕದ ಮನೆಯವರು ಅಜ್ಜಿಗೂ ಹೇಳಿದ್ದರಂತೆ. ಮಂಪರಿನಲ್ಲಿರುವವರ ಬಾಯಿಗೆ ಏನು ಹಾಕಿದರೂ ಶ್ವಾಸನಾಳಕ್ಕೆ ಹೋಗುತ್ತದೆ. ಬಿಪಿ, ಹೃದಯದ ಕಾಯಿಲೆ ಇರುವವರಿಗೆ ಉಪ್ಪು ಸುರಿದರೆ ಇನ್ನೊಂದು ಕಡೆ ಕೆಡುತ್ತದೆ. ಇದಕ್ಕಿಂತ ದೊಡ್ಡ ಕಾರಣ ಒಂದಿದೆ: ಸೋಡಿಯಂ ಬೇಗ ಏರಿಸುವುದೂ ಅಪಾಯ.

ಆಸ್ಪತ್ರೆಯಲ್ಲಿ ಏನು ಮಾಡಿದರು ನೋಡಿ. ಮೊದಲು ಆ ಮಾತ್ರೆ ನಿಲ್ಲಿಸಿದರು. ಮಂಪರು ಇದ್ದಿದ್ದರಿಂದ ಮೂರು ಪರ್ಸೆಂಟ್ ಉಪ್ಪಿನ ದ್ರಾವಣವನ್ನು ನೂರು ಮಿಲಿಯಷ್ಟು ಮಾತ್ರ, ಗಮನವಿಟ್ಟು ಕೊಟ್ಟರು. ಆಮೇಲೆ ಕುಡಿಯುವ ನೀರಿಗೆ ಮಿತಿ ಹಾಕಿದರು. ಆರು ಗಂಟೆಗೊಮ್ಮೆ ರಕ್ತ ತೆಗೆದರು. "ಎಷ್ಟು ಸಲ ಚುಚ್ತೀರಿ?" ಅಂತ ಮಗ ಜಗಳಕ್ಕೇ ಹೋದ. ಆಗ ಅಲ್ಲಿನ ವೈದ್ಯರು ಹೇಳಿದ ಮಾತು: "ದಿನಕ್ಕೆ ಎಂಟಕ್ಕಿಂತ ಹೆಚ್ಚು ಏರಬಾರದು ಕಣಪ್ಪ. ಮಾತ್ರೆ ನಿಲ್ಲಿಸಿದ ಮೇಲೆ ಮೂತ್ರಪಿಂಡ ಕಟ್ಟಿಟ್ಟ ನೀರನ್ನೆಲ್ಲ ಒಂದೇ ಸಲ ಬಿಟ್ಟುಬಿಡಬಹುದು. ಆಗ ಸೋಡಿಯಂ ಓಡುತ್ತೆ. ಓಡಿದರೆ ಮಿದುಳಿನ ನರದ ಹೊದಿಕೆ ಕಿತ್ತುಹೋಗಿ ಕೈಕಾಲು, ಮಾತು ಬಿದ್ದುಹೋಗಬಹುದು. ಅದಕ್ಕೇ ಚುಚ್ತಿರೋದು." ಅಜ್ಜಿಯ ಮೂತ್ರವನ್ನೂ ಅಳೆದು ಬರೆದಿಡುತ್ತಿದ್ದರು. ಏಕೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು.

116 ಇದ್ದದ್ದು ಮರುದಿನ 123. ಅದರ ಮರುದಿನ 128. ಐದನೇ ದಿನ 133. ಮೂರನೇ ದಿನ ಸಂಜೆ ಅಜ್ಜಿ ಕಣ್ಣು ಬಿಟ್ಟು, ಮಗನ ಸೊಸೆಯ ಗುರುತು ಹಿಡಿದು, "ಕಡಲೆಕಾಯಿ ಚೀಲ ಒಳಗಿಟ್ರಾ, ಇಲಿ ತಿಂದಾವು" ಅಂದರಂತೆ. ಎತ್ತಿನ ಸುದ್ದಿ ಎತ್ತಲಿಲ್ಲ.

ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಿರಿಯರ ಬಿಪಿ ಮಾತ್ರೆಯ ಹಾಳೆ ತಿರುಗಿಸಿ. ದಪ್ಪ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ಎಚ್ ಅಥವಾ ಸಿಎಚ್ ಅಕ್ಷರ ಇದೆಯಾ, ಅದರ ಕೆಳಗೆ ಸಣ್ಣಕ್ಷರದಲ್ಲಿ ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ದಪ್ಪಕ್ಷರ ನಂಬಬೇಡಿ, ಸಣ್ಣಕ್ಷರ ಓದಿ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಲಿ ಓದಿಸಿ. ಇದ್ದರೆ, ಕೊನೆಯ ಸಲ ಸೋಡಿಯಂ ನೋಡಿಸಿದ್ದು ಯಾವಾಗ ಅಂತ ಕೇಳಿ. ಶುರು ಮಾಡುವ ಮೊದಲು ಒಂದು ಸಲ, ಒಂದೆರಡು ವಾರದಲ್ಲಿ ಇನ್ನೊಂದು ಸಲ, ಪ್ರಮಾಣ ಹೆಚ್ಚಿಸಿದಾಗ ಮತ್ತೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ವರ್ಷಗಟ್ಟಲೆ ತೆಗೆದುಕೊಂಡು ಏನೂ ಆಗದವರಿಗೂ ವಾಂತಿ ಭೇದಿ ಹತ್ತಿದಾಗ, ಊಟ ಬಿಟ್ಟಾಗ ಸೋಡಿಯಂ ಬೀಳಬಹುದು. ಅಂಥ ದಿನ ಬರೀ ನೀರು ಕುಡಿಸುತ್ತಾ ಕೂರದೆ, ಮಾತ್ರೆ ಎರಡು ದಿನ ತಡೆಯಬೇಕಾ ಅಂತ ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ ಕೇಳಿ. ಭೇದಿಗೆ ಓಆರ್‌ಎಸ್ ಕೊಡಬಹುದು, ಅದರಲ್ಲಿ ಉಪ್ಪು ಇದೆ.

ಗೊಂದಲ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಲು ಕೇಳಿ. ಭಾನುವಾರ, ಶನಿವಾರ, ಶುಕ್ರವಾರ ಅಂತ. ಶಾಲೆಗೆ ಹೋಗದ ಅಜ್ಜಿಯೂ ಸಂತೆ ಯಾವತ್ತು, ಹಿಂದಿನ ಹಬ್ಬ ಯಾವುದು ಅಂತ ಹೇಳುತ್ತಾರೆ. ಹೋದ ವಾರ ಹೇಳುತ್ತಿದ್ದವರು ಈ ವಾರ ತಡವರಿಸಿದರೆ ಮಾತ್ರೆಯ ಹಾಳೆ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಯಿ ಒಂದು ಕಡೆ ಸೊಟ್ಟಗಾಗಿದ್ದರೆ, ಒಂದು ಕೈ ಎತ್ತಲಾಗದಿದ್ದರೆ ಅದು ಲಕ್ವ ಇರಬಹುದು, ಅಲ್ಲಿ ನಿಮಿಷವೂ ಲೆಕ್ಕ.

ಅಜ್ಜಿಯನ್ನು ಮನೆಗೆ ಕಳಿಸುವಾಗ ವೈದ್ಯರು ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ, ಈ ಗುಂಪಿನ ಮಾತ್ರೆ ಇವರಿಗೆ ಮತ್ತೆ ಕೊಡಬಾರದು ಅಂತ ಬರೆದರು. ಒಮ್ಮೆ ಬಿದ್ದವರಿಗೆ ಮತ್ತೆ ಕೊಟ್ಟರೆ ಮತ್ತೆ ಬೀಳುವುದು ಸಾಮಾನ್ಯ. ಈಗ ಅಮ್ಲೋಡಿಪಿನ್ ಮತ್ತು ಬರೀ ಟೆಲ್ಮಿಸಾರ್ಟನ್. ಬಿಪಿ 140ರ ಆಸುಪಾಸು. ಆರು ವಾರ ಬಿಟ್ಟು ನೋಡಿಸಿದಾಗ ಸೋಡಿಯಂ 137.

ದೀಪಾವಳಿ ಹೊತ್ತಿಗೆ ಮಾತ್ರೆ ಮುಗಿದು ಮೊಮ್ಮಗ ಮೆಡಿಕಲ್ ಶಾಪಿಗೆ ಹೋದ. "ಅದು ಸ್ಟಾಕ್ ಇಲ್ಲ, ಇದೂ ಅದೇ, ತಗೊಂಡೋಗು" ಅಂತ ಒಂದು ಹಾಳೆ ಕೊಟ್ಟರು. ಹೆಸರು ಅದೇ. ಕೊನೆಯಲ್ಲಿ ಒಂದು ಎಚ್ ಇತ್ತು. ಅವನು ಹಾಳೆಯನ್ನು ಕೌಂಟರಿನ ಮೇಲೆ ವಾಪಸ್ ಇಟ್ಟು, ಬಸ್ಸು ಹತ್ತಿ ತಾಲ್ಲೂಕಿಗೆ ಹೋದ.